ಎರಡನೆಯ ನಿಷ್ಪನ್ನ ಸೊನ್ನೆಯಾದರೆ ಮುಂದೇನು? x⁴ ಇಟ್ಟುಕೊಂಡು ಒಂದು ಅಭ್ಯಾಸ

ದಾವಣಗೆರೆಯಲ್ಲಿ ನಾನು ಸಂಜೆ ಹೊತ್ತು ದ್ವಿತೀಯ ಪಿಯುಸಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಗರಿಷ್ಠ ಮತ್ತು ಕನಿಷ್ಠ ಬೆಲೆಗಳ ಅಧ್ಯಾಯ ಬಂದಾಗ ಪ್ರತಿ ವರ್ಷ ಒಂದೇ ತಪ್ಪು ಯಾರಾದರೊಬ್ಬರ ನೋಟ್‌ಬುಕ್ಕಿನಲ್ಲಿ ಕಾಣಿಸಿಕೊಳ್ಳುತ್ತದೆ. ಈ ಸಲ ಒಬ್ಬ ವಿದ್ಯಾರ್ಥಿನಿ f(x) = x⁴ ಎಂಬ ಲೆಕ್ಕವನ್ನು ಅಚ್ಚುಕಟ್ಟಾಗಿ ಮಾಡಿ, x = 0 ಎಂಬಲ್ಲಿ ಮೊದಲ ನಿಷ್ಪನ್ನ ಸೊನ್ನೆ, ಎರಡನೆಯದೂ ಸೊನ್ನೆ ಎಂದು ಸರಿಯಾಗಿ ಕಂಡುಹಿಡಿದು, ಕೊನೆಯ ಸಾಲಿನಲ್ಲಿ ‘ಆದ್ದರಿಂದ ಇಲ್ಲಿ ಗರಿಷ್ಠವೂ ಇಲ್ಲ, ಕನಿಷ್ಠವೂ ಇಲ್ಲ’ ಎಂದು ಬರೆದಿದ್ದಳು. "ಸರ್, ಎರಡನೇದು ಸೊನ್ನೆ ಬಂತಲ್ಲ, ಹಂಗಾದ್ರೆ ಅದು ಇನ್‌ಫ್ಲೆಕ್ಷನ್ ಪಾಯಿಂಟ್ ಅಲ್ವಾ?" ಎಂದು ಕೇಳಿದಳು. ಅವಳ ಲೆಕ್ಕದಲ್ಲಿ ಒಂದು ಅಂಕಿಯೂ ತಪ್ಪಿರಲಿಲ್ಲ. ತಪ್ಪಿದ್ದದ್ದು ‘ಆದ್ದರಿಂದ’ ಎಂಬ ಪದದಲ್ಲಿ. ಆ ಪದಕ್ಕೆ ಮೊದಲು ಇನ್ನೂ ಎರಡು ಹೆಜ್ಜೆ ಇಡಬೇಕಾಗಿತ್ತು, ಮತ್ತು ಆ ಎರಡು ಹೆಜ್ಜೆಗಳೇ ಈ ಲೇಖನದ ವಿಷಯ.

ತರಗತಿಯಲ್ಲಿ ಫಂಕ್ಷನ್ ಎನ್ನುವುದನ್ನು ಇಲ್ಲಿ ಫಲನ ಎಂದೂ, ಡೆರಿವೇಟಿವ್ ಎನ್ನುವುದನ್ನು ನಿಷ್ಪನ್ನ ಎಂದೂ, ಮೊದಲ ನಿಷ್ಪನ್ನ ಸೊನ್ನೆಯಾಗುವ ಜಾಗವನ್ನು ನಿರ್ಣಾಯಕ ಬಿಂದು ಎಂದೂ ಬರೆಯುತ್ತೇನೆ. ನಿಷ್ಪನ್ನವೇ ಇಲ್ಲದ ಬಿಂದುಗಳನ್ನೂ ನಿರ್ಣಾಯಕ ಬಿಂದುಗಳೆಂದು ಕರೆಯುವುದುಂಟು, ಆದರೆ ಇಲ್ಲಿ ಹೇಳುವ ಪರೀಕ್ಷೆ ಅಂಥವುಗಳಿಗೆ ಅನ್ವಯಿಸುವುದಿಲ್ಲ.

ಎರಡನೆಯ ನಿಷ್ಪನ್ನದ ಪರೀಕ್ಷೆ ಹೇಳುವುದು ಇಷ್ಟೇ: ನಿರ್ಣಾಯಕ ಬಿಂದುವಿನಲ್ಲಿ ಅದು ಧನವಾಗಿದ್ದರೆ ಅಲ್ಲಿ ಸ್ಥಳೀಯ ಕನಿಷ್ಠವಿದೆ, ಋಣವಾಗಿದ್ದರೆ ಸ್ಥಳೀಯ ಗರಿಷ್ಠವಿದೆ. ಸೊನ್ನೆಯಾಗಿದ್ದರೆ ಆ ಪರೀಕ್ಷೆ ಏನನ್ನೂ ಹೇಳುವುದಿಲ್ಲ. ‘ಏನೂ ಇಲ್ಲ’ ಎಂದು ಹೇಳುವುದು ಬೇರೆ, ‘ಏನೂ ಹೇಳದೆ’ ಇರುವುದು ಬೇರೆ. ಗೊಂದಲವೆಲ್ಲ ಹುಟ್ಟುವುದು ಈ ಎರಡನ್ನು ಒಂದೇ ಎಂದು ತಿಳಿಯುವುದರಿಂದ. x⁴, –x⁴ ಮತ್ತು x³ ಎಂಬ ಮೂರು ಫಲನಗಳನ್ನು ಅಕ್ಕಪಕ್ಕದಲ್ಲಿ ಬರೆದುಕೊಂಡರೆ ಇದು ಕಣ್ಣಿಗೆ ಕಾಣುತ್ತದೆ. ಮೂರಕ್ಕೂ x = 0 ಎಂಬಲ್ಲಿ ಮೊದಲ ನಿಷ್ಪನ್ನ ಸೊನ್ನೆ, ಎರಡನೆಯದೂ ಸೊನ್ನೆ. ಆದರೂ ಮೊದಲನೆಯದಕ್ಕೆ ಅಲ್ಲಿ ಕನಿಷ್ಠವಿದೆ, ಎರಡನೆಯದಕ್ಕೆ ಗರಿಷ್ಠವಿದೆ, ಮೂರನೆಯದಕ್ಕೆ ಎರಡೂ ಇಲ್ಲ. ಒಂದೇ ಸೊನ್ನೆಯ ಹಿಂದೆ ಮೂರು ಬೇರೆ ಬೇರೆ ಸ್ಥಿತಿಗಳಿರುವಾಗ ಆ ಸೊನ್ನೆಯನ್ನಷ್ಟೇ ನೋಡಿ ತೀರ್ಮಾನ ಕೊಡಲು ಬರುವುದಿಲ್ಲ.

ನಕ್ಷೆ ಬರೆದು ನೋಡಿದರಾಯಿತಲ್ಲ ಎಂದು ಯಾರಿಗಾದರೂ ಅನ್ನಿಸಬಹುದು. ನಾನು ಅವಳಿಗೆ ಗ್ರಾಫ್ ಹಾಳೆಯನ್ನೇ ಕೊಟ್ಟೆ. 1 ಎಂಬ ಅಳತೆಗೆ 10 ಸೆಂಟಿಮೀಟರ್ ಇಟ್ಟುಕೊಂಡು x² ಮತ್ತು x⁴ ಎರಡನ್ನೂ ಬರೆಯಲು ಹೇಳಿದೆ. x = 0.3 ಎಂಬಲ್ಲಿ x² ನ ಬೆಲೆ 0.09, ಅಂದರೆ ಹಾಳೆಯ ಮೇಲೆ 9 ಮಿಲಿಮೀಟರ್ ಎತ್ತರ. ಅದೇ ಜಾಗದಲ್ಲಿ x⁴ ನ ಬೆಲೆ 0.0081, ಅಂದರೆ ಒಂದು ಸಣ್ಣ ಚೌಕಕ್ಕಿಂತಲೂ ಕಡಿಮೆ. x = 0.25 ಕ್ಕೆ ಬಂದರೆ ಎತ್ತರ 0.4 ಮಿಲಿಮೀಟರಿನಷ್ಟೂ ಇಲ್ಲ. ಮೊಂಡಾದ ಪೆನ್ಸಿಲ್ಲಿನ ಗೆರೆಯೇ ಅದಕ್ಕಿಂತ ದಪ್ಪವಾಗಿರುತ್ತದೆ. ಹೀಗಾಗಿ –0.25 ರಿಂದ 0.25 ರವರೆಗೆ, ಪೂರ್ತಿ 5 ಸೆಂಟಿಮೀಟರ್ ಉದ್ದಕ್ಕೆ, ವಕ್ರರೇಖೆ ಅಕ್ಷಕ್ಕೆ ಅಂಟಿಕೊಂಡಂತೆ ಕಾಣುತ್ತದೆ. x² ನ ತಳ ಬಾಣಲೆಯ ಹಾಗಿದ್ದರೆ x⁴ ನ ತಳ ದೋಸೆ ಕಾವಲಿಯ ಹಾಗೆ ಚಪ್ಪಟೆ. ಎರಡನೆಯ ನಿಷ್ಪನ್ನ ಅಳೆಯುವುದು ಆ ಬಿಂದುವಿನಲ್ಲಿ ವಕ್ರರೇಖೆ ಎಷ್ಟು ಬಾಗಿದೆ ಎಂಬುದನ್ನು. ತಳ ಅಷ್ಟು ಚಪ್ಪಟೆಯಾಗಿರುವುದರಿಂದಲೇ ಅದು ಸೊನ್ನೆ ತೋರಿಸುತ್ತಿದೆ. ಆದರೆ ಚಪ್ಪಟೆಯಾದ ತಳವೂ ತಳವೇ: ಸೊನ್ನೆಯನ್ನು ಬಿಟ್ಟು ಯಾವ ಬೆಲೆ ಕೊಟ್ಟರೂ x⁴ ಸೊನ್ನೆಗಿಂತ ದೊಡ್ಡದು. x⁴ ನಲ್ಲಿ ಇದನ್ನು ನೋಡಿದೊಡನೆ ಹೇಳಬಹುದು. ಹಾಗೆ ನೋಡಿ ಹೇಳಲಾಗದ ಫಲನಗಳಿಗೂ ಕೆಲಸ ಮಾಡುವ ದಾರಿ ನಮಗೆ ಬೇಕು, ಮತ್ತು ಉತ್ತರ ಮೊದಲೇ ಗೊತ್ತಿರುವ x⁴ ಆ ದಾರಿಯನ್ನು ಕಲಿಯಲು ತಕ್ಕ ಉದಾಹರಣೆ.

ದಾರಿ ಹೀಗಿದೆ. ಮೊದಲು f′(x) = 4x³ ಎಂದು ಬರೆದು, ಅದನ್ನು ಸೊನ್ನೆಗೆ ಸಮ ಮಾಡಿ, x = 0 ಎಂಬ ನಿರ್ಣಾಯಕ ಬಿಂದುವನ್ನು ಪಡೆಯಿರಿ. ನಂತರ f″(x) = 12x² ಎಂದು ಬರೆದು ಅಲ್ಲಿ x = 0 ಇಡಿ; ಸೊನ್ನೆ ಬರುತ್ತದೆ. ಇಲ್ಲಿ ನಿಲ್ಲಬೇಡಿ. ಇನ್ನೊಮ್ಮೆ ಅವಕಲಿಸಿದರೆ f‴(x) = 24x; x = 0 ಇಟ್ಟರೆ ಮತ್ತೆ ಸೊನ್ನೆ. ಮತ್ತೊಮ್ಮೆ ಅವಕಲಿಸಿದರೆ f⁗(x) = 24; ಇದು x ಅನ್ನು ಅವಲಂಬಿಸಿಯೇ ಇಲ್ಲ, ಆದ್ದರಿಂದ x = 0 ಎಂಬಲ್ಲಿಯೂ 24 ಆಗಿಯೇ ಉಳಿಯುತ್ತದೆ. ಸೊನ್ನೆಯಲ್ಲದ ಬೆಲೆ ಮೊದಲ ಬಾರಿಗೆ ಸಿಕ್ಕ ಕೂಡಲೇ ಅವಕಲನ ನಿಲ್ಲಿಸಿ, ಎರಡೇ ಪ್ರಶ್ನೆ ಕೇಳಿಕೊಳ್ಳಿ. ಇದು ಎಷ್ಟನೆಯ ನಿಷ್ಪನ್ನ, ಸಮಸಂಖ್ಯೆಯದೋ ಬೆಸಸಂಖ್ಯೆಯದೋ? ಸಮಸಂಖ್ಯೆಯದಾಗಿದ್ದರೆ, ಅದರ ಬೆಲೆ ಧನವೋ ಋಣವೋ? ನಮ್ಮ ಲೆಕ್ಕದಲ್ಲಿ ಅದು ನಾಲ್ಕನೆಯದು, ಅಂದರೆ ಸಮ. ಬೆಲೆ 24, ಅಂದರೆ ಧನ. ಆದ್ದರಿಂದ x = 0 ಎಂಬಲ್ಲಿ ಸ್ಥಳೀಯ ಕನಿಷ್ಠವಿದೆ. ಆ ಕನಿಷ್ಠ ಬೆಲೆ f(0) = 0. ಕನಿಷ್ಠ ಬೆಲೆ 24 ಎಂದು ಬರೆದವರನ್ನೂ ನಾನು ಕಂಡಿದ್ದೇನೆ, ಅದಕ್ಕೇ ಇದನ್ನು ಬಿಡಿಸಿ ಹೇಳುತ್ತಿದ್ದೇನೆ.

ನಿಯಮವನ್ನು ಪೂರ್ತಿಯಾಗಿ ಹೇಳುವುದಾದರೆ: ಬಿಂದು a ನಲ್ಲಿ ಮೊದಲ ನಿಷ್ಪನ್ನದಿಂದ ಹಿಡಿದು (n – 1) ನೆಯದರವರೆಗೆ ಎಲ್ಲವೂ ಸೊನ್ನೆಯಾಗಿ, n ನೆಯದು ಸೊನ್ನೆಯಾಗದೆ ಇದ್ದರೆ, n ಸಮವಾಗಿದ್ದು ಆ ಬೆಲೆ ಧನವಾದಾಗ ಸ್ಥಳೀಯ ಕನಿಷ್ಠ, n ಸಮವಾಗಿದ್ದು ಬೆಲೆ ಋಣವಾದಾಗ ಸ್ಥಳೀಯ ಗರಿಷ್ಠ, n ಬೆಸವಾಗಿದ್ದರೆ ಬೆಲೆಯ ಚಿಹ್ನೆ ಯಾವುದಾದರೂ ಅಲ್ಲಿ ಎರಡೂ ಇಲ್ಲ. ಈ ಮಾತನ್ನು ಸ್ಕಾಟ್‌ಲೆಂಡಿನ ಗಣಿತಜ್ಞ ಕಾಲಿನ್ ಮೆಕ್ಲಾರಿನ್ 1742 ರಲ್ಲಿಯೇ ಮುಂದಿಟ್ಟಿದ್ದರು.

ಸಮ ಬೆಸಗಳಿಗೂ ಗರಿಷ್ಠ ಕನಿಷ್ಠಗಳಿಗೂ ಏನು ಸಂಬಂಧ ಎಂಬುದು ತಿಳಿಯದೆ ಈ ನಿಯಮವನ್ನು ಬಾಯಿಪಾಠ ಮಾಡಿದರೆ ಪರೀಕ್ಷೆಯ ದಿನ ಅದು ತಿರುವುಮುರುವಾಗುವುದು ಖಂಡಿತ. ಕಾರಣವನ್ನು ತಿಳಿಯಲು ಮೇಲಿನ ಮೆಟ್ಟಿಲಿನಿಂದ ಒಂದೊಂದಾಗಿ ಕೆಳಗಿಳಿದು ಬರಬೇಕು, ಮತ್ತು ಅದಕ್ಕೆ ಬೇಕಾಗುವುದು ನಿಮಗೆ ಈಗಾಗಲೇ ಗೊತ್ತಿರುವ ಒಂದೇ ಸಂಗತಿ: ಯಾವುದರ ನಿಷ್ಪನ್ನ ಧನವೋ ಅದು ಏರುತ್ತದೆ, ಯಾವುದರ ನಿಷ್ಪನ್ನ ಋಣವೋ ಅದು ಇಳಿಯುತ್ತದೆ. x⁴ ನ ನಾಲ್ಕನೆಯ ನಿಷ್ಪನ್ನ 24, ಧನ. ಆದ್ದರಿಂದ ಮೂರನೆಯ ನಿಷ್ಪನ್ನ ಏರುತ್ತಿದೆ. ಏರುತ್ತಾ ಅದು x = 0 ಎಂಬಲ್ಲಿ ಸೊನ್ನೆಯನ್ನು ಹಾದು ಹೋಗುತ್ತದೆ, ಅಂದರೆ ಎಡಗಡೆ ಋಣ, ಬಲಗಡೆ ಧನ. ಹಾಗಿದ್ದ ಮೇಲೆ ಎರಡನೆಯ ನಿಷ್ಪನ್ನ ಎಡಗಡೆ ಇಳಿಯುತ್ತಾ ಬಂದು, ಸೊನ್ನೆಯನ್ನು ಮುಟ್ಟಿ, ಬಲಗಡೆ ಮತ್ತೆ ಏರುತ್ತದೆ. ಇಳಿದು ಸೊನ್ನೆಗೆ ಬಂದದ್ದು ಮೊದಲು ಸೊನ್ನೆಗಿಂತ ಮೇಲಿರಲೇಬೇಕು, ಆದ್ದರಿಂದ ಅದು ಎರಡೂ ಕಡೆ ಧನ. 12x² ಎಂಬ ರೂಪದಲ್ಲಿ ಇದು ನೇರವಾಗಿಯೇ ಕಾಣುತ್ತದೆ. ಎರಡನೆಯದು ಎರಡೂ ಕಡೆ ಧನವಾಗಿದ್ದರೆ ಮೊದಲ ನಿಷ್ಪನ್ನ ಉದ್ದಕ್ಕೂ ಏರುತ್ತದೆ, ಸೊನ್ನೆಯನ್ನು ದಾಟುತ್ತದೆ: ಎಡಗಡೆ ಋಣ, ಬಲಗಡೆ ಧನ. ಕೊನೆಗೆ ಫಲನವೇ ಎಡಗಡೆ ಇಳಿದು ಬಂದು ಬಲಗಡೆ ಏರಿ ಹೋಗುತ್ತದೆ. ಇಳಿದು ಏರುವ ಜಾಗ ತಳವಲ್ಲದೆ ಮತ್ತೇನು?

ಈ ಇಳಿಯುವಿಕೆಯಲ್ಲಿ ಒಂದು ಲಯವಿದೆ. ಮೂರನೆಯ ನಿಷ್ಪನ್ನ ಸೊನ್ನೆಯನ್ನು ದಾಟಿತು, ಎರಡನೆಯದು ಮುಟ್ಟಿ ಹಿಂದಿರುಗಿತು, ಮೊದಲನೆಯದು ದಾಟಿತು, ಫಲನ ಮುಟ್ಟಿ ಹಿಂದಿರುಗಿತು. ದಾಟುವುದು, ಮುಟ್ಟಿ ತಿರುಗುವುದು, ದಾಟುವುದು, ಮುಟ್ಟಿ ತಿರುಗುವುದು ಎಂದು ಒಂದಾದ ಮೇಲೊಂದು ಬರುತ್ತವೆ. ಸೊನ್ನೆಯಲ್ಲದ ನಿಷ್ಪನ್ನ ನಾಲ್ಕನೆಯದಾಗಿದ್ದರೆ ಫಲನದ ಸರದಿಗೆ ಮುಟ್ಟಿ ತಿರುಗುವುದು ಬೀಳುತ್ತದೆ. ಮೂರನೆಯದಾಗಿದ್ದರೆ ದಾಟುವುದು ಬೀಳುತ್ತದೆ. x³ ಅನ್ನು ಇದೇ ಮೆಟ್ಟಿಲುಗಳಲ್ಲಿ ಇಳಿಸಿ ನೋಡಿ. ಮೂರನೆಯ ನಿಷ್ಪನ್ನ 6, ಧನ, ಎರಡನೆಯದಾದ 6x ಸೊನ್ನೆಯನ್ನು ದಾಟುತ್ತದೆ, ಮೊದಲನೆಯದಾದ 3x² ಮುಟ್ಟಿ ತಿರುಗುತ್ತದೆ, ಫಲನ ದಾಟಿಬಿಡುತ್ತದೆ. ಚಿತ್ರದುರ್ಗದ ಕೋಟೆ ಹತ್ತುವಾಗ ನಡುವೆ ಹಾಸುಬಂಡೆಯ ಸಮತಟ್ಟು ಸಿಗುತ್ತದೆ. ಅಲ್ಲಿ ಒಂದು ಗಳಿಗೆ ಏರು ಇಲ್ಲ, ಆದರೆ ಹಿಂದೆಯೂ ಏರು, ಮುಂದೆಯೂ ಏರು. ಅದನ್ನು ಯಾರೂ ಬೆಟ್ಟದ ತುದಿ ಎನ್ನುವುದಿಲ್ಲ. x³ ಗೆ ಸೊನ್ನೆಯಲ್ಲಿ ಇರುವುದು ಅಂಥ ಸಮತಟ್ಟು. ವಿದ್ಯಾರ್ಥಿನಿ ಕೇಳಿದ ಇನ್‌ಫ್ಲೆಕ್ಷನ್ ಪ್ರಶ್ನೆಗೂ ಇಲ್ಲಿಯೇ ಉತ್ತರವಿದೆ. ಇನ್‌ಫ್ಲೆಕ್ಷನ್ ಬಿಂದುವಿನಲ್ಲಿ ಎರಡನೆಯ ನಿಷ್ಪನ್ನ ಸೊನ್ನೆಯಾದರೆ ಸಾಲದು, ಅದು ಚಿಹ್ನೆಯನ್ನೂ ಬದಲಿಸಬೇಕು. 6x ಬದಲಿಸುತ್ತದೆ, 12x² ಬದಲಿಸುವುದಿಲ್ಲ.

ಈಗ ನೋಡಿದೊಡನೆ ಉತ್ತರ ಹೊಳೆಯದ ಒಂದು ಲೆಕ್ಕ ಮಾಡೋಣ. f(x) = x⁴ – 8x³ + 24x² – 32x + 21 ಎಂದು ತೆಗೆದುಕೊಳ್ಳಿ. ಮೊದಲ ನಿಷ್ಪನ್ನ 4x³ – 24x² + 48x – 32. ಸಾಮಾನ್ಯ ಅಪವರ್ತನ 4 ಅನ್ನು ಹೊರಗೆ ತೆಗೆದರೆ ಒಳಗೆ x³ – 6x² + 12x – 8 ಉಳಿಯುತ್ತದೆ, ಅದು (x – 2)³ ನ ವಿಸ್ತರಣೆ. ಆದ್ದರಿಂದ ನಿರ್ಣಾಯಕ ಬಿಂದು x = 2 ಒಂದೇ. ಎರಡನೆಯ ನಿಷ್ಪನ್ನ 12x² – 48x + 48; x = 2 ಇಟ್ಟರೆ 48 – 96 + 48, ಸೊನ್ನೆ. ಮೂರನೆಯದು 24x – 48; x = 2 ಇಟ್ಟರೆ ಸೊನ್ನೆ. ನಾಲ್ಕನೆಯದು 24. ಸಮ, ಧನ; ಆದ್ದರಿಂದ x = 2 ಎಂಬಲ್ಲಿ ಸ್ಥಳೀಯ ಕನಿಷ್ಠ. ಬೆಲೆ f(2) = 16 – 64 + 96 – 64 + 21 = 5. ಇಷ್ಟಾದ ಮೇಲೆ ಹಿಂದಿರುಗಿ ನೋಡಿದರೆ, ಈ ಫಲನ (x – 2)⁴ + 5 ಎಂಬುದೇ ಹೊರತು ಬೇರೆಯಲ್ಲ. ಅದೇ x⁴ ಬಲಕ್ಕೆ ಎರಡು ಮನೆ ಸರಿದು, ಮೇಲಕ್ಕೆ ಐದು ಮನೆ ಏರಿ ಕುಳಿತಿದೆ. ಆವರಣ ಬಿಡಿಸಿದಾಗ ಅದರ ಗುರುತು ಮರೆಯಾಗಿತ್ತು, ನಾಲ್ಕನೆಯ ನಿಷ್ಪನ್ನ ಅದನ್ನು ಮತ್ತೆ ಹೊರಗೆ ತಂದಿತು.

ಆದರೆ x⁴ ಇದ್ದಲ್ಲೆಲ್ಲ ನಾಲ್ಕನೆಯದರವರೆಗೆ ಹೋಗಬೇಕಾಗುತ್ತದೆ ಎಂದುಕೊಳ್ಳಬಾರದು. f(x) = 3x⁴ – 4x³ ಎಂಬುದರಲ್ಲಿ f′(x) = 12x²(x – 1), ಆದ್ದರಿಂದ ನಿರ್ಣಾಯಕ ಬಿಂದುಗಳು 0 ಮತ್ತು 1. ಎರಡನೆಯ ನಿಷ್ಪನ್ನ 36x² – 24x; x = 1 ಎಂಬಲ್ಲಿ ಅದು 12, ಧನ, ಹಾಗಾಗಿ ಅಲ್ಲಿ ಕನಿಷ್ಠ, ಬೆಲೆ –1. x = 0 ಎಂಬಲ್ಲಿ ಅದು ಸೊನ್ನೆ. ಮೂರನೆಯದು 72x – 24; x = 0 ಎಂಬಲ್ಲಿ –24. ಸೊನ್ನೆಯಲ್ಲದ ಬೆಲೆ ಮೂರನೆಯದರಲ್ಲಿಯೇ ಸಿಕ್ಕಿತು, ಮೂರು ಬೆಸ; ಇಲ್ಲಿಗೆ ಕೆಲಸ ಮುಗಿಯಿತು, x = 0 ಎಂಬಲ್ಲಿ ಗರಿಷ್ಠವೂ ಇಲ್ಲ, ಕನಿಷ್ಠವೂ ಇಲ್ಲ. ಇದನ್ನು ಮೀರಿ ನಾಲ್ಕನೆಯದನ್ನು ಲೆಕ್ಕ ಹಾಕಿ, 72 ಧನ ಎಂದು ನೋಡಿ ಕನಿಷ್ಠ ಎಂದು ಬರೆದರೆ ಉತ್ತರ ತಪ್ಪು. ಮೊದಲು ಸಿಕ್ಕ ಸೊನ್ನೆಯಲ್ಲದ ಬೆಲೆಗಷ್ಟೇ ಮಾತನಾಡುವ ಅಧಿಕಾರ.

ನೋಟ್‌ಬುಕ್ಕುಗಳಲ್ಲಿ ನಾನು ಹೆಚ್ಚಾಗಿ ಕಾಣುವ ಇನ್ನೊಂದು ತಪ್ಪು ಮೇಲ್ನೋಟಕ್ಕೆ ತಪ್ಪೆಂದೇ ತೋರುವುದಿಲ್ಲ. f″(x) = 12x² ಎಂದು ಬರೆದು, x = 0 ಇಟ್ಟು, ಸೊನ್ನೆ ಪಡೆದು, ಮೂರನೆಯ ನಿಷ್ಪನ್ನಕ್ಕಾಗಿ ಆ ಸೊನ್ನೆಯನ್ನೇ ಅವಕಲಿಸುತ್ತಾರೆ. ಸೊನ್ನೆಯ ನಿಷ್ಪನ್ನ ಸೊನ್ನೆ, ಅದರದ್ದೂ ಸೊನ್ನೆ, ಹೀಗೆ ಕೊನೆಯೇ ಇರುವುದಿಲ್ಲ. ಅವಕಲಿಸಬೇಕಾದದ್ದು 12x² ಎಂಬ ಫಲನವನ್ನು, ಅದರ ಒಂದು ಬೆಲೆಯನ್ನಲ್ಲ. ಇದನ್ನು ತಪ್ಪಿಸಲು ನಾನು ಹಾಳೆಯ ಮಧ್ಯೆ ಒಂದು ಗೆರೆ ಎಳೆಸುತ್ತೇನೆ: ಎಡಗಡೆ ನಿಷ್ಪನ್ನಗಳು ಒಂದರ ಕೆಳಗೊಂದು x ಇಟ್ಟುಕೊಂಡೇ ಇಳಿಯಬೇಕು, ಬಲಗಡೆ ಆಯಾ ಸಾಲಿನ ಬೆಲೆಯನ್ನು ಮಾತ್ರ ಬರೆಯಬೇಕು, ಬಲಗಡೆಯಿಂದ ಎಡಗಡೆಗೆ ಏನೂ ಹಿಂದಿರುಗಬಾರದು. ಎಲ್ಲ ಸಾಲುಗಳಲ್ಲಿಯೂ ಸೊನ್ನೆಯೇ ಬರುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಈ ತಪ್ಪನ್ನೇ. ಇದರ ಜೊತೆಗೆ, f″ ಸೊನ್ನೆಯಾದ ಬಿಂದುವೆಲ್ಲ ನಿರ್ಣಾಯಕ ಬಿಂದುವಲ್ಲ ಎಂಬುದನ್ನೂ ನೆನಪಿಡಬೇಕು. x⁴ – 6x² ಎಂಬುದರ ಎರಡನೆಯ ನಿಷ್ಪನ್ನ x = 1 ಎಂಬಲ್ಲಿ ಸೊನ್ನೆ, ಆದರೆ ಮೊದಲನೆಯದು ಅಲ್ಲಿ –8; ಅಂಥ ಜಾಗದಲ್ಲಿ ಗರಿಷ್ಠ ಕನಿಷ್ಠಗಳ ಪ್ರಶ್ನೆಯೇ ಏಳುವುದಿಲ್ಲ.

ಬಹುಪದಿಗಳಲ್ಲಿ ಮೊದಲ ನಿಷ್ಪನ್ನವನ್ನು ಅಪವರ್ತಿಸಿ ಎರಡೂ ಪಕ್ಕದ ಚಿಹ್ನೆ ನೋಡಿದರೂ ಇದೇ ಉತ್ತರ ಬರುತ್ತದೆ, ಮತ್ತು ನಿಜ ಹೇಳಬೇಕೆಂದರೆ ಅಲ್ಲಿ ಅದೇ ಹತ್ತಿರದ ದಾರಿ. 4x³ ಎಡಗಡೆ ಋಣ, ಬಲಗಡೆ ಧನ. ಒಂದೇ ಸಾಲಿನಲ್ಲಿ ಕೆಲಸ ಮುಗಿಯುತ್ತದೆ. ಉನ್ನತ ಕ್ರಮದ ಪರೀಕ್ಷೆ ತನ್ನ ಬೆಲೆ ತೋರಿಸುವುದು ಚಿಹ್ನೆ ಸುಲಭವಾಗಿ ಗೊತ್ತಾಗದಿರುವಲ್ಲಿ. f(x) = cos x + x²/2 ಎಂಬುದನ್ನು x = 0 ಎಂಬಲ್ಲಿ ಪರೀಕ್ಷಿಸಿ. ಮೊದಲ ನಿಷ್ಪನ್ನ x – sin x, ಅಲ್ಲಿ ಸೊನ್ನೆ. ಎರಡನೆಯದು 1 – cos x, ಸೊನ್ನೆ. ಮೂರನೆಯದು sin x, ಸೊನ್ನೆ. ನಾಲ್ಕನೆಯದು cos x, ಅಲ್ಲಿ 1. ಸಮ, ಧನ, ಕನಿಷ್ಠ, ಬೆಲೆ 1. ಈ ಫಲನ ಸೊನ್ನೆಯ ಹತ್ತಿರ ಹೆಚ್ಚುಕಡಿಮೆ 1 + x⁴/24 ಆಗಿಯೇ ನಡೆದುಕೊಳ್ಳುತ್ತದೆ, ಇಲ್ಲಿರುವ 24 ನಾಲ್ಕರ ಕ್ರಮಗುಣಿತ. ಕ್ಯಾಲ್ಕುಲೇಟರಿನಲ್ಲಿ x = 0.1 ಇಟ್ಟು ನೋಡಿ: 1.000004165 ಬರುತ್ತದೆ, ಮತ್ತು 0.0001 ಅನ್ನು 24 ರಿಂದ ಭಾಗಿಸಿದರೆ ಸಿಗುವುದು 0.000004167. ನಿಮಗೆ 1.0049985 ಎಂದು ಬಂದರೆ ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿದೆ ಎಂದು ತಿಳಿಯಿರಿ. ಅದನ್ನು ರೇಡಿಯನ್ನಿಗೆ ತಿರುಗಿಸಿಕೊಳ್ಳಬೇಕು. x ಅನ್ನು ಇನ್ನೂ ಚಿಕ್ಕದು ಮಾಡಿ 0.001 ಇಟ್ಟರೆ ಹತ್ತು ಅಂಕಿಯ ಪರದೆಯ ಮೇಲೆ ಬರೀ 1 ಕಾಣಿಸುತ್ತದೆ. ಅಲ್ಲಿರುವ ಹೆಚ್ಚಳವನ್ನು ತೋರಿಸಲು ಆ ಪರದೆಗೆ ಅಂಕಿಗಳು ಸಾಲುವುದಿಲ್ಲ. ಗ್ರಾಫ್ ಹಾಳೆಯಲ್ಲಿ ಪೆನ್ಸಿಲ್ ಗೆರೆಯಿಂದ ಆದ ತೊಂದರೆಯೇ ಇದು.

ಪರೀಕ್ಷೆಗೆ ಮಿತಿಗಳೂ ಇವೆ. ಅದು ಹೇಳುವುದು ಬಿಂದುವಿನ ಆಸುಪಾಸಿನ ಮಾತನ್ನು ಮಾತ್ರ. x⁴ – x⁶ ಎಂಬುದಕ್ಕೆ x = 0 ಎಂಬಲ್ಲಿ ನಾಲ್ಕನೆಯ ನಿಷ್ಪನ್ನ 24, ಆದ್ದರಿಂದ ಅಲ್ಲಿ ಸ್ಥಳೀಯ ಕನಿಷ್ಠವಿದೆ, ಬೆಲೆ ಸೊನ್ನೆ; ಆದರೆ x = 2 ಎಂಬಲ್ಲಿ ಅದೇ ಫಲನದ ಬೆಲೆ 16 – 64, ಅಂದರೆ –48. ಒಟ್ಟಾರೆ ಕನಿಷ್ಠ ಕೇಳಿದ ಪ್ರಶ್ನೆಗೆ ಈ ಪರೀಕ್ಷೆಯ ಉತ್ತರವನ್ನು ಬರೆದು ಬರಬಾರದು.

ಎರಡನೆಯ ಮಿತಿ ಇನ್ನೂ ಆಳವಾದದ್ದು. ಎಷ್ಟು ಅವಕಲಿಸಿದರೂ ಸೊನ್ನೆಯೇ ಬರುವ ಫಲನಗಳು ನಿಜವಾಗಿಯೂ ಇವೆ, ಅವುಗಳಲ್ಲಿ ಹೆಸರಾದದ್ದನ್ನು ಫ್ರಾನ್ಸಿನ ಗಣಿತಜ್ಞ ಕೋಶಿ ಎತ್ತಿ ತೋರಿಸಿದರು. x ಸೊನ್ನೆಯಲ್ಲದಾಗ e ಯ ಘಾತ –1/x² ಎಂದೂ, x = 0 ಎಂಬಲ್ಲಿ 0 ಎಂದೂ ಇಟ್ಟುಕೊಂಡರೆ ಆ ಫಲನ ಸಿಗುತ್ತದೆ. x = 0.1 ಎಂಬಲ್ಲಿ ಅದರ ಬೆಲೆ e ಯ ಘಾತ –100, ಅಂದರೆ ದಶಮಾಂಶ ಬಿಂದುವಿನ ಮುಂದೆ 43 ಸೊನ್ನೆಗಳಾದ ಮೇಲೆ ಮೊದಲ ಅಂಕಿ. ಅದರ ತಳ x⁴ ನ ತಳಕ್ಕಿಂತ, x¹⁰⁰ ನ ತಳಕ್ಕಿಂತಲೂ ಚಪ್ಪಟೆ, ಹಾಗಾಗಿ ಸೊನ್ನೆಯಲ್ಲಿ ಅದರ ಎಲ್ಲ ನಿಷ್ಪನ್ನಗಳೂ ಸೊನ್ನೆ. ಆದರೂ ಅಲ್ಲಿ ಕನಿಷ್ಠವಿದೆ, ಏಕೆಂದರೆ ಉಳಿದೆಲ್ಲೆಡೆ ಬೆಲೆ ಧನ. ಅದೇ ಫಲನವನ್ನು x ನಿಂದ ಗುಣಿಸಿದರೆ ಎಲ್ಲ ನಿಷ್ಪನ್ನಗಳೂ ಮತ್ತೆ ಸೊನ್ನೆಯೇ, ಆದರೆ ಈಗ ಎಡಗಡೆ ಬೆಲೆ ಋಣ, ಬಲಗಡೆ ಧನ, ಕನಿಷ್ಠವೂ ಇಲ್ಲ, ಗರಿಷ್ಠವೂ ಇಲ್ಲ. ನಿಷ್ಪನ್ನಗಳ ಪಟ್ಟಿ ಎರಡಕ್ಕೂ ಒಂದೇ, ಸ್ಥಿತಿ ಬೇರೆ. ಇಂಥಲ್ಲಿ ಮೆಟ್ಟಿಲು ಹತ್ತುವುದನ್ನು ಬಿಟ್ಟು, ಬಿಂದುವಿನ ಎಡಬಲಗಳಲ್ಲಿ f(x) – f(a) ಎಂಬುದರ ಚಿಹ್ನೆಯನ್ನು, ಇಲ್ಲವೇ ಮೊದಲ ನಿಷ್ಪನ್ನದ ಚಿಹ್ನೆಯನ್ನು ನೇರವಾಗಿ ನೋಡಬೇಕು.

ವಿದ್ಯಾರ್ಥಿನಿ ಆ ಸಂಜೆ ತನ್ನ ಹಳೆಯ ಉತ್ತರದ ‘ಆದ್ದರಿಂದ’ವನ್ನು ಹೊಡೆದು ಹಾಕಿ, ಅದರ ಕೆಳಗೆ 24x ಮತ್ತು 24 ಎಂಬ ಎರಡು ಸಾಲು ಸೇರಿಸಿದಳು. ಆಮೇಲೆ ತಾನಾಗಿಯೇ –x⁶ ಬರೆದುಕೊಂಡು ಒಂದೊಂದಾಗಿ ಇಳಿದು, ಆರನೆಯ ಸಾಲಿನಲ್ಲಿ –720 ಬಂದಾಗ ಅದರ ಪಕ್ಕದಲ್ಲಿ ‘ಗರಿಷ್ಠ’ ಎಂದು ಬರೆದಳು.